ಸಿರೋಸಿಸ್‌ನಲ್ಲಿ ಯಕೃತ್ತಿನ ಕ್ಯಾನ್ಸರ್: ಯಾವ ತಪಾಸಣೆ, ಯಾವ ಹಂತಕ್ಕೆ ಯಾವ ಚಿಕಿತ್ಸೆ

ಸಿರೋಸಿಸ್, ಅಂದರೆ ಯಕೃತ್ತು ಕಲೆಗಟ್ಟಿ ಗಡುಸಾಗುವ ಕಾಯಿಲೆ, ಆಗಿರುವ ನೂರು ಜನರಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಂದ ನಾಲ್ವರಿಗೆ ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಗಂಟು ಎರಡು ಸೆಂಟಿಮೀಟರ್ ಇರುವಾಗ ನೋವಿಲ್ಲ, ಕಾಮಾಲೆಯಿಲ್ಲ, ತೂಕವೂ ಇಳಿಯುವುದಿಲ್ಲ. ಲಕ್ಷಣ ಕಾಣುವ ಹೊತ್ತಿಗೆ ಸಾಮಾನ್ಯವಾಗಿ ಗುಣಪಡಿಸುವ ಚಿಕಿತ್ಸೆಯ ಕಾಲ ಮೀರಿರುತ್ತದೆ. ಅದಕ್ಕಾಗಿಯೇ ಯಾವ ತೊಂದರೆಯೂ ಇಲ್ಲದಿರುವಾಗ, ಆರು ತಿಂಗಳಿಗೊಮ್ಮೆ ಹುಡುಕುವ ಕ್ರಮ ಬಂದಿದೆ.

ಹುಡುಕಲು ಯಾವ ಪರೀಕ್ಷೆ, ಸಿಕ್ಕರೆ ಯಾವ ಚಿಕಿತ್ಸೆ ಎಂಬ ಎರಡು ಆಯ್ಕೆಗಳನ್ನು ಇಲ್ಲಿ ಹೋಲಿಸಿದ್ದೇನೆ. ಇವೆರಡನ್ನೂ ಬೇರೆ ಬೇರೆಯಾಗಿ ನೋಡುವುದು ರೂಢಿ. ನನಗದು ಸರಿ ಕಾಣುವುದಿಲ್ಲ. ಗಂಟು ಸಿಕ್ಕರೆ ಏನು ಮಾಡಬಹುದು ಎಂಬುದು ಗೊತ್ತಿದ್ದರೆ ಮಾತ್ರ ಹುಡುಕುವುದಕ್ಕೆ ಅರ್ಥ. ಏನು ಮಾಡಬಹುದು ಎಂಬುದನ್ನು ನಿರ್ಧರಿಸುವುದು ಗಂಟಿನ ಗಾತ್ರವೊಂದೇ ಅಲ್ಲ, ಅದರ ಸುತ್ತ ಉಳಿದಿರುವ ಯಕೃತ್ತಿನ ಶಕ್ತಿಯೂ ಹೌದು.

ಯಾರಿಗೆ ಬೇಕು, ಯಾರಿಗೆ ಬೇಡ

ಯಕೃತ್ತಿನ ಶಕ್ತಿಯನ್ನು ಅಳೆಯಲು ವೈದ್ಯರು ಬಳಸುವ ಹಳೆಯ, ಇಂದಿಗೂ ಉಪಯುಕ್ತವಾದ ಅಳತೆಗೋಲು ಚೈಲ್ಡ್-ಪ್ಯೂ. ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವಿಕೆಯನ್ನು ತಿಳಿಸುವ ಐಎನ್‌ಆರ್, ಹೊಟ್ಟೆಯಲ್ಲಿ ನೀರು, ಯಕೃತ್ತು ಸೋತಾಗ ಬರುವ ಮಂಪರು–ಗೊಂದಲ ಈ ಐದಕ್ಕೂ ಒಂದರಿಂದ ಮೂರು ಅಂಕ. ಒಟ್ಟು 5–6 ಬಂದರೆ ಎ, 7–9 ಬಂದರೆ ಬಿ, 10ರಿಂದ 15 ಬಂದರೆ ಸಿ.

ಎ ಮತ್ತು ಬಿ ವರ್ಗದವರಿಗೆ ತಪಾಸಣೆ ಬೇಕು. ಸಿ ವರ್ಗದಲ್ಲಿದ್ದು ಯಕೃತ್ ಕಸಿಗೆ ಅರ್ಹರಾಗಿರುವವರಿಗೂ ಬೇಕು, ಏಕೆಂದರೆ ಕ್ಯಾನ್ಸರ್ ಸಿಕ್ಕರೆ ಕಸಿಯ ಲೆಕ್ಕಾಚಾರವೇ ಬದಲಾಗುತ್ತದೆ. ಆದರೆ ಸಿ ವರ್ಗದಲ್ಲಿದ್ದು, ವಯಸ್ಸು ಅಥವಾ ಬೇರೆ ಕಾಯಿಲೆಯ ಕಾರಣ ಕಸಿ ಸಾಧ್ಯವೇ ಇಲ್ಲದವರಲ್ಲಿ ಹುಡುಕಾಟದಿಂದ ಲಾಭವಿಲ್ಲ. ಗಂಟು ಸಿಕ್ಕರೂ ಆ ಯಕೃತ್ತು ಯಾವ ಚಿಕಿತ್ಸೆಯನ್ನೂ ತಡೆದುಕೊಳ್ಳುವುದಿಲ್ಲ. ಇದನ್ನು ಹೇಳಲು ಹಿಂಜರಿದು ಸ್ಕ್ಯಾನ್ ಬರೆಯುತ್ತಲೇ ಇರುವುದು ಕರುಣೆಯಲ್ಲ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ಹೆಪಟೈಟಿಸ್ ಸಿ ಔಷಧದಿಂದ ಪೂರ್ತಿ ಗುಣವಾಯಿತು, ಇನ್ನು ಸ್ಕ್ಯಾನ್ ಏಕೆ ಎಂದು ನಿಲ್ಲಿಸಿಬಿಡುವುದು. ವೈರಸ್ ಹೋದರೂ ಸಿರೋಸಿಸ್ ಉಳಿದಿರುತ್ತದೆ. ಕ್ಯಾನ್ಸರ್‌ನ ಅಪಾಯ ತಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಇಂಥವರು ತಪಾಸಣೆ ಮುಂದುವರಿಸಬೇಕು.

ಆರು ತಿಂಗಳೇ ಏಕೆ

ಈ ಗಂಟುಗಳ ಗಾತ್ರ ದುಪ್ಪಟ್ಟಾಗಲು ಸರಾಸರಿ ನಾಲ್ಕರಿಂದ ಆರು ತಿಂಗಳು ಬೇಕು. ವರ್ಷಕ್ಕೊಮ್ಮೆ ನೋಡಿದರೆ ವೇಗವಾಗಿ ಬೆಳೆಯುವ ಗಂಟು ನಡುವೆ ಕೈತಪ್ಪುತ್ತದೆ. ಹಾಗಾದರೆ ಮೂರು ತಿಂಗಳಿಗೊಮ್ಮೆ ನೋಡಿದರೆ ಇನ್ನೂ ಒಳ್ಳೆಯದಲ್ಲವೇ? ಫ್ರಾನ್ಸ್‌ನಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ತಿಂಗಳ ಗುಂಪಿನಲ್ಲಿ ಸಣ್ಣ ಚುಕ್ಕೆಗಳು ಹೆಚ್ಚು ಸಿಕ್ಕವು, ಆದರೆ ಸಣ್ಣ ಹಂತದ ಕ್ಯಾನ್ಸರ್ ಹೆಚ್ಚು ಸಿಗಲಿಲ್ಲ, ಬದುಕುಳಿಯುವಿಕೆಯೂ ಸುಧಾರಿಸಲಿಲ್ಲ. ಹೆಚ್ಚುವರಿ ಸ್ಕ್ಯಾನ್‌ನಿಂದ ದೊರೆತದ್ದು ಹೆಚ್ಚುವರಿ ಆತಂಕ.

ಅಲ್ಟ್ರಾಸೌಂಡ್, ಎಎಫ್‌ಪಿ, ಎಂಆರ್‌ಐ

ಅಲ್ಟ್ರಾಸೌಂಡ್‌ನಲ್ಲಿ ವಿಕಿರಣವಿಲ್ಲ, ಸೂಜಿಯಿಲ್ಲ, ಎಷ್ಟು ಬಾರಿಯಾದರೂ ಮಾಡಿಸಬಹುದು. ಅದರ ದೌರ್ಬಲ್ಯವನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಆರಂಭದ ಹಂತದ ನೂರು ಕ್ಯಾನ್ಸರ್‌ಗಳಲ್ಲಿ ಅಲ್ಟ್ರಾಸೌಂಡ್ ಒಂದೇ ಹಿಡಿಯುವುದು ಸುಮಾರು 45ನ್ನು. ಜೊತೆಗೆ ಎಎಫ್‌ಪಿ, ಅಂದರೆ ಆಲ್ಫಾ ಫೀಟೊಪ್ರೋಟೀನ್ ರಕ್ತಪರೀಕ್ಷೆ ಸೇರಿಸಿದರೆ ಅದು 63ಕ್ಕೆ ಏರುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಸುಳ್ಳು ಎಚ್ಚರಿಕೆಗಳು. ಕ್ಯಾನ್ಸರ್ ಇಲ್ಲದ ನೂರು ಜನರಲ್ಲಿ ಅಲ್ಟ್ರಾಸೌಂಡ್ ಒಂದೇ ಎಂಟು ಮಂದಿಯನ್ನು ಅನಗತ್ಯವಾಗಿ ಗಾಬರಿಪಡಿಸಿದರೆ, ಎರಡೂ ಸೇರಿ ಹದಿನಾರು ಮಂದಿಯನ್ನು ಗಾಬರಿಪಡಿಸುತ್ತವೆ. ನನ್ನ ಮಟ್ಟಿಗೆ ಈ ವಿನಿಮಯ ಲಾಭದ್ದು. ಸುಳ್ಳು ಎಚ್ಚರಿಕೆ ಒಂದು ಸಿ.ಟಿ. ಸ್ಕ್ಯಾನ್‌ನಲ್ಲಿ ಮುಗಿಯುತ್ತದೆ. ತಪ್ಪಿಹೋದ ಗಂಟು ಹಾಗೆ ಮುಗಿಯುವುದಿಲ್ಲ.

ಅಲ್ಟ್ರಾಸೌಂಡ್ ವರದಿ ಕೈಗೆ ಬಂದಾಗ ಹೆಚ್ಚಿನವರು ನೋಡುವುದು ಕೊನೆಯ ಸಾಲನ್ನು: ಗಂಟು ಕಾಣಲಿಲ್ಲ. ಅದಕ್ಕಿಂತ ಮೊದಲು ನೋಡಬೇಕಾದದ್ದು ಯಕೃತ್ತು ಎಷ್ಟು ಚೆನ್ನಾಗಿ ಕಂಡಿತು ಎಂಬುದನ್ನು. ಇದಕ್ಕೆ ಎ, ಬಿ, ಸಿ ಎಂದು ದರ್ಜೆ ಕೊಡುವ ಪದ್ಧತಿಯಿದೆ. ಎ ಎಂದರೆ ಅಡಚಣೆ ಇಲ್ಲ ಅಥವಾ ತೀರಾ ಕಡಿಮೆ. ಬಿ ಎಂದರೆ ಸಣ್ಣ ಗಂಟುಗಳು ಮರೆಯಾಗಿರಬಹುದು. ಸಿ ಎಂದರೆ ಯಕೃತ್ತಿನ ದೊಡ್ಡ ಭಾಗವೇ ಸರಿಯಾಗಿ ಕಂಡಿಲ್ಲ. ಸ್ಥೂಲಕಾಯ, ಕೊಬ್ಬು ತುಂಬಿದ ಯಕೃತ್ತು, ಕರುಳಿನ ಅನಿಲ, ವಪೆಯ ಕೆಳಗೆ ಅಡಗಿರುವ ಬಲಭಾಗದ ಮೇಲ್ತುದಿ ಇವೆಲ್ಲ ಅಡ್ಡಬರುತ್ತವೆ. ದರ್ಜೆ ಬರೆಯದ ವರದಿಯಾದರೆ ವೈದ್ಯರನ್ನು ಕೇಳಿ: ಪೂರ್ತಿ ಯಕೃತ್ತು ಕಂಡಿತೇ? ಪದೇಪದೇ ಸಿ ದರ್ಜೆಯೇ ಬರುತ್ತಿದ್ದರೆ ಅದೇ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಮಾಡಿಸುವುದು ನೆಮ್ಮದಿಯ ಆಚರಣೆಯಷ್ಟೇ. ಅಂಥವರಿಗೆ ಎಂಆರ್‌ಐ ಅಥವಾ ಸಿ.ಟಿ. ಬೇಕು.

ಹಾಗಾದರೆ ಎಲ್ಲರಿಗೂ ಎಂಆರ್‌ಐ ಮಾಡಬಾರದೇಕೆ? ಕೊರಿಯಾದಲ್ಲಿ ಹೆಚ್ಚು ಅಪಾಯದ 407 ಸಿರೋಸಿಸ್ ರೋಗಿಗಳಿಗೆ ಎರಡೂ ಪರೀಕ್ಷೆ ಮಾಡಿ ನೋಡಿದಾಗ ಎಂಆರ್‌ಐ ಸುಮಾರು 86 ಶೇಕಡ ಕ್ಯಾನ್ಸರ್‌ಗಳನ್ನು ಹಿಡಿದರೆ, ಅಲ್ಟ್ರಾಸೌಂಡ್ ಹಿಡಿದದ್ದು 28 ಶೇಕಡ ಮಾತ್ರ. ಅಂತರ ದೊಡ್ಡದು. ಆದರೆ ಎಂಆರ್‌ಐ ದುಬಾರಿ, ಸಮಯ ಹೆಚ್ಚು ಬೇಕು, ಯಂತ್ರಗಳು ಕಡಿಮೆ. ಸಿ.ಟಿ.ಯಲ್ಲಿ ಪ್ರತಿ ಬಾರಿಯೂ ವಿಕಿರಣ ಸೇರುತ್ತದೆ. ಆದ್ದರಿಂದ ಇವನ್ನು ಅಲ್ಟ್ರಾಸೌಂಡ್ ಕೈಕೊಟ್ಟವರಿಗೆ ಮೀಸಲಿಡುವುದು ಸದ್ಯದ ಜಾಣತನ. ಕೆಲವೇ ಚಿತ್ರಗಳನ್ನು ತೆಗೆಯುವ ಸಂಕ್ಷಿಪ್ತ ಎಂಆರ್‌ಐ ಕೂಡ ಬಳಕೆಗೆ ಬರುತ್ತಿದೆ.

ಎಎಫ್‌ಪಿಯ ಅಂಕಿಯನ್ನು ಓದುವುದು

ಸಾಮಾನ್ಯವಾಗಿ ಒಂದು ಮಿಲಿಲೀಟರ್‌ಗೆ 20 ನ್ಯಾನೊಗ್ರಾಂ ಎಂಬುದನ್ನು ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಅದು ದಾಟಿದರೆ ಅಲ್ಟ್ರಾಸೌಂಡ್ ಶುದ್ಧವಾಗಿದ್ದರೂ ಸಿ.ಟಿ. ಅಥವಾ ಎಂಆರ್‌ಐ ಮಾಡಿಸಬೇಕು. ಆದರೆ ಒಂದು ಬಾರಿಯ ಅಂಕಿಗಿಂತ ಸಾಲಾಗಿ ಬಂದ ಅಂಕಿಗಳು ಹೆಚ್ಚು ಹೇಳುತ್ತವೆ. ಹೆಪಟೈಟಿಸ್ ಕೆರಳಿದಾಗ ಎಎಫ್‌ಪಿ ಏರುತ್ತದೆ, ಆಗ ಎಎಲ್‌ಟಿ ಎಂಬ ಯಕೃತ್ ಕಿಣ್ವವೂ ಏರಿರುತ್ತದೆ, ಉರಿಯೂತ ತಣಿದಾಗ ಎರಡೂ ಇಳಿಯುತ್ತವೆ. ಎಎಲ್‌ಟಿ ಸುಮ್ಮನಿದ್ದು ಎಎಫ್‌ಪಿ ಮಾತ್ರ ಮೆಟ್ಟಿಲೇರುತ್ತಿದ್ದರೆ, 20 ದಾಟುವವರೆಗೆ ಕಾಯಬಾರದು. ಇನ್ನೊಂದು ಕಡೆ, ಎಎಫ್‌ಪಿಯನ್ನು ಉತ್ಪಾದಿಸದ ಕ್ಯಾನ್ಸರ್‌ಗಳೂ ಬಹಳ ಇವೆ. ಅಂಕಿ ಸಹಜವಾಗಿದೆ ಎಂದು ಅಲ್ಟ್ರಾಸೌಂಡ್ ಬಿಡುವಂತಿಲ್ಲ.

ಕ್ಯಾನ್ಸರ್‌ನ ಸುಳಿವು ಕೊಡುವ ಡಿಸಿಪಿ, ಎಎಫ್‌ಪಿ-ಎಲ್3 ಎಂಬ ರಕ್ತದ ಗುರುತುಗಳೂ ಇವೆ. ಲಿಂಗ ಮತ್ತು ವಯಸ್ಸಿನೊಂದಿಗೆ ಎಎಫ್‌ಪಿಯನ್ನೂ ಇವೆರಡನ್ನೂ ಸೇರಿಸಿ ಗಲಾಡ್ ಎಂಬ ಅಂಕ ತೆಗೆಯುತ್ತಾರೆ. ಫಲಿತಾಂಶಗಳು ಭರವಸೆ ಹುಟ್ಟಿಸುವಂತಿವೆ, ಆದರೆ ಅಲ್ಟ್ರಾಸೌಂಡಿನ ಜಾಗವನ್ನು ಅದಿನ್ನೂ ಕಸಿದುಕೊಂಡಿಲ್ಲ. ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮತ್ತು ವಿಟಮಿನ್ ಕೆ ಕೊರತೆಯಿದ್ದವರಲ್ಲಿ ಡಿಸಿಪಿ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ ಎಂಬುದು ನೆನಪಿರಲಿ.

ಒಂದು ಪ್ರಕರಣ

ಒಂದು ಕಾಲ್ಪನಿಕ ಉದಾಹರಣೆಯನ್ನು ಹೆಜ್ಜೆಹೆಜ್ಜೆಯಾಗಿ ನೋಡೋಣ. 61 ವರ್ಷದ ಪುರುಷ. ಹೆಪಟೈಟಿಸ್ ಸಿ ಮೂರು ವರ್ಷದ ಹಿಂದೆ ಗುಣವಾಗಿದೆ, ಸಿರೋಸಿಸ್ ಇದೆ, ಮಧುಮೇಹ ಮತ್ತು ಬೊಜ್ಜು ಇವೆ. ಆರಾರು ತಿಂಗಳ ಅಂತರದ ಎಎಫ್‌ಪಿ 4, 9, 17. ಎಎಲ್‌ಟಿ ಮೂರೂ ಸಲ ಸಹಜ. ಅಲ್ಟ್ರಾಸೌಂಡ್ ವರದಿಯಲ್ಲಿ ಗಂಟಿಲ್ಲ, ಕಂಡ ದರ್ಜೆ ಸಿ.

ನಿಯಮವನ್ನು ಅಕ್ಷರಶಃ ಹಿಡಿದವರು ಇವರನ್ನು ಮತ್ತೆ ಆರು ತಿಂಗಳು ಬಿಟ್ಟು ಬನ್ನಿ ಎಂದು ಕಳುಹಿಸುತ್ತಾರೆ, 17 ಎಂಬುದು 20ಕ್ಕಿಂತ ಕಡಿಮೆಯಲ್ಲವೇ. ಆದರೆ ವೈರಸ್ ಹೋದ ಮೇಲೆ ಎಎಫ್‌ಪಿ ಏರಲು ಕಾರಣವೇ ಇಲ್ಲ. ಎರಡು ಸಲ ಹೆಚ್ಚುಕಡಿಮೆ ದುಪ್ಪಟ್ಟಾಗಿದೆ. ಮೇಲಾಗಿ ಯಕೃತ್ತು ಸರಿಯಾಗಿ ಕಂಡೇ ಇಲ್ಲ. ಇಲ್ಲಿ ಮೂರು ಹಂತಗಳ ಸಿ.ಟಿ. ಆಗಲೇಬೇಕು.

ಈ ಸಿ.ಟಿ. ಏಕೆ ವಿಶೇಷ? ಸಹಜ ಯಕೃತ್ತಿಗೆ ಮುಕ್ಕಾಲು ಪಾಲು ರಕ್ತ ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳದ ಮೂಲಕ ಬರುತ್ತದೆ. ಈ ಕ್ಯಾನ್ಸರ್ ಮಾತ್ರ ಅಪಧಮನಿಯ ರಕ್ತದ ಮೇಲೆ ಬದುಕುತ್ತದೆ. ಬಣ್ಣದ ಔಷಧವನ್ನು ರಕ್ತಕ್ಕೆ ಬಿಟ್ಟಾಗ, ಮೊದಲ ಅಪಧಮನಿ ಹಂತದಲ್ಲಿ ಗಂಟು ಸುತ್ತಲಿನ ಯಕೃತ್ತಿಗಿಂತ ಬೆಳ್ಳಗೆ ಹೊಳೆಯುತ್ತದೆ. ನಂತರದ ಹಂತಗಳಲ್ಲಿ ಯಕೃತ್ತು ಬೆಳ್ಳಗಾಗುವಾಗ ಗಂಟಿನ ಬಣ್ಣ ತೊಳೆದುಹೋಗಿ ಕಪ್ಪಾಗಿ ಕಾಣುತ್ತದೆ. ಸಿರೋಸಿಸ್ ಇರುವವರಲ್ಲಿ, ಎರಡು ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗಂಟಿನಲ್ಲಿ ಈ ಎರಡೂ ಕಂಡರೆ ಕ್ಯಾನ್ಸರ್ ಎಂದು ಹೇಳಲು ಸೂಜಿ ಚುಚ್ಚಿ ಬಯಾಪ್ಸಿ ತೆಗೆಯಬೇಕಾಗಿಲ್ಲ. ವರದಿಯಲ್ಲಿ ಇದನ್ನು ಎಲ್‌ಆರ್-5 ಎಂದು ಬರೆಯುತ್ತಾರೆ. ಚಿತ್ರ ಅರೆಬರೆ ಇದ್ದಾಗ ಎಲ್‌ಆರ್-3 ಅಥವಾ 4 ಎನ್ನುತ್ತಾರೆ. ಆಗ ಮತ್ತೊಂದು ಬಗೆಯ ಸ್ಕ್ಯಾನ್, ಬಯಾಪ್ಸಿ ಅಥವಾ ಕೆಲವು ತಿಂಗಳ ನಂತರ ಮರುನೋಟ ಬೇಕಾಗಬಹುದು. ಒಂದು ಸೆಂಟಿಮೀಟರ್‌ಗಿಂತ ಚಿಕ್ಕ ಚುಕ್ಕೆ ಅಲ್ಟ್ರಾಸೌಂಡ್‌ನಲ್ಲಿ ಕಂಡರೆ ಸಿ.ಟಿ.ಗೆ ಓಡಬೇಕಾಗಿಲ್ಲ, ಮೂರರಿಂದ ಆರು ತಿಂಗಳೊಳಗೆ ಮತ್ತೊಮ್ಮೆ ಅಲ್ಟ್ರಾಸೌಂಡ್ ಸಾಕು.

ನಮ್ಮ ವ್ಯಕ್ತಿಯ ಸಿ.ಟಿ.ಯಲ್ಲಿ ಬಲಭಾಗದ ಮೇಲ್ತುದಿಯಲ್ಲಿ, ವಪೆಗೆ ಸಮೀಪ, 2.4 ಸೆಂಟಿಮೀಟರ್ ಗಂಟು. ಎಲ್‌ಆರ್-5. ಬೇರೆ ಗಂಟಿಲ್ಲ, ರಕ್ತನಾಳದೊಳಗೆ ಹಬ್ಬಿಲ್ಲ. ಬಿಲಿರುಬಿನ್ 1.1, ಆಲ್ಬುಮಿನ್ 3.7, ಐಎನ್‌ಆರ್ 1.2, ಹೊಟ್ಟೆಯಲ್ಲಿ ನೀರಿಲ್ಲ, ಗೊಂದಲವಿಲ್ಲ. ಚೈಲ್ಡ್-ಪ್ಯೂ 5 ಅಂಕ, ಅಂದರೆ ಎ. ಆದರೆ ಪ್ಲೇಟ್‌ಲೆಟ್ 82,000, ಗುಲ್ಮ ದೊಡ್ಡದಾಗಿದೆ. ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರಿರುವುದಕ್ಕೆ ಇದು ಸಾಕ್ಷಿ. ಕ್ಯಾನ್ಸರ್‌ನ ಹಂತ ಗುರುತಿಸಲು ಹೆಚ್ಚು ಬಳಕೆಯಲ್ಲಿರುವ ಬಾರ್ಸಿಲೋನಾ ಪದ್ಧತಿಯಲ್ಲಿ ಇದು ಎ ಹಂತ: ಒಂದೇ ಗಂಟು, ಅಥವಾ ತಲಾ ಮೂರು ಸೆಂಟಿಮೀಟರ್ ಮೀರದ ಎರಡು ಮೂರು ಗಂಟು. ಒಂದೇ ಗಂಟು ಎರಡು ಸೆಂಟಿಮೀಟರ್ ಒಳಗಿದ್ದರೆ ಅದನ್ನು 0 ಹಂತ ಎನ್ನುತ್ತಾರೆ. ಈ ಹಂತಗಳ ಎ, ಬಿ, ಸಿ ಅಕ್ಷರಗಳು ಚೈಲ್ಡ್-ಪ್ಯೂ ಅಕ್ಷರಗಳಲ್ಲ, ಅಲ್ಟ್ರಾಸೌಂಡ್ ದರ್ಜೆಯ ಅಕ್ಷರಗಳೂ ಅಲ್ಲ. ಒಂದೇ ಕಡತದಲ್ಲಿ ಮೂರೂ ಬರುವುದರಿಂದ ರೋಗಿಗಳ ಮನೆಯವರು ಗೊಂದಲಕ್ಕೆ ಬೀಳುವುದು ಸಹಜ.

ಕತ್ತರಿಸುವುದೋ, ಸುಡುವುದೋ, ಬದಲಿಸುವುದೋ

ಶಸ್ತ್ರಚಿಕಿತ್ಸೆ ಗಂಟನ್ನು ಸುತ್ತಲಿನ ಅಂಚಿನೊಂದಿಗೆ ತೆಗೆದುಹಾಕುತ್ತದೆ. ಕೇಳಲು ಇದೇ ಖಚಿತವಾದ ದಾರಿ. ಆದರೆ ಪೋರ್ಟಲ್ ಒತ್ತಡ ಏರಿರುವ ಯಕೃತ್ತಿನಿಂದ ದೊಡ್ಡ ತುಂಡು ಕತ್ತರಿಸಿದರೆ, ಉಳಿದ ಭಾಗ ಹೊರೆ ಹೊರಲಾರದೆ ಹೊಟ್ಟೆಯಲ್ಲಿ ನೀರು, ಕಾಮಾಲೆ ಶುರುವಾಗಬಹುದು. ಇವರ ಗಂಟು ಆಳದಲ್ಲಿದೆ, ತಲುಪಲು ಒಳ್ಳೆಯ ಯಕೃತ್ತನ್ನೂ ಬಹಳಷ್ಟು ಬಲಿಕೊಡಬೇಕು.

ಸೂಜಿ ತೂರಿಸಿ ರೇಡಿಯೊ ತರಂಗ ಅಥವಾ ಮೈಕ್ರೋವೇವ್ ಶಾಖದಿಂದ ಸುಡುವುದು ಎರಡನೆಯ ದಾರಿ. ಮೂರು ಸೆಂಟಿಮೀಟರ್ ಒಳಗಿನ ಗಂಟುಗಳಿಗೆ ಇದು ಕೈಕೆಳಗಿನ ಆಯ್ಕೆಯಲ್ಲ. ಜಪಾನಿನಲ್ಲಿ ಮೂರು ಸೆಂಟಿಮೀಟರ್ ಒಳಗಿನ, ಮೂರಕ್ಕಿಂತ ಹೆಚ್ಚಿಲ್ಲದ ಗಂಟುಗಳಲ್ಲಿ ಶಸ್ತ್ರಚಿಕಿತ್ಸೆ ಮತ್ತು ರೇಡಿಯೊ ತರಂಗ ಚಿಕಿತ್ಸೆಯನ್ನು ಹೋಲಿಸಿದಾಗ, ರೋಗ ಮರಳದೆ ಕಳೆದ ಅವಧಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಗಾತ್ರ ಮೂರನ್ನು ದಾಟಿದಂತೆ ಅಂಚಿನಲ್ಲಿ ಜೀವಂತ ಕೋಶ ಉಳಿಯುವ ಸಾಧ್ಯತೆ ಏರುತ್ತದೆ. ಜಾಗವೂ ಮುಖ್ಯ. ದೊಡ್ಡ ರಕ್ತನಾಳದ ಪಕ್ಕದ ಗಂಟಿನಲ್ಲಿ, ಹರಿಯುವ ತೊರೆಯ ಅಂಚಿನಲ್ಲಿ ಒಲೆ ಹೂಡಿದಂತೆ, ರಕ್ತವೇ ಶಾಖವನ್ನು ಹೊತ್ತೊಯ್ಯುತ್ತದೆ. ರೇಡಿಯೊ ತರಂಗಕ್ಕಿಂತ ಮೈಕ್ರೋವೇವ್ ಇದನ್ನು ಸ್ವಲ್ಪ ಚೆನ್ನಾಗಿ ಎದುರಿಸುತ್ತದೆ. ವಪೆಯ ಕೆಳಗಿನ ಗಂಟಿಗೆ ತೊಡಕು ಬೇರೆ: ಅಲ್ಟ್ರಾಸೌಂಡ್‌ಗೆ ಅದು ಕಾಣುವುದಿಲ್ಲ, ಸೂಜಿಯ ದಾರಿಯಲ್ಲಿ ಶ್ವಾಸಕೋಶ ಅಡ್ಡ ಬರುತ್ತದೆ. ಅನುಭವಿ ತಂಡಗಳು ಸಿ.ಟಿ. ನೋಡಿಕೊಂಡು ಸೂಜಿ ಹಾಕುತ್ತವೆ, ಇಲ್ಲವೇ ಯಕೃತ್ತು ಮತ್ತು ವಪೆಯ ನಡುವೆ ದ್ರವ ತುಂಬಿ ಎರಡನ್ನೂ ದೂರ ಸರಿಸುತ್ತವೆ.

ಯಕೃತ್ ಕಸಿ ಗಂಟನ್ನೂ ಸಿರೋಸಿಸ್ಸನ್ನೂ ಒಟ್ಟಿಗೆ ತೆಗೆದುಹಾಕುತ್ತದೆ. 1996ರಲ್ಲಿ ಮಿಲಾನ್‌ನ ತಂಡವೊಂದು ತೋರಿಸಿದ ಮಿತಿ ಇಂದಿಗೂ ಆಧಾರ: ಒಂದೇ ಗಂಟಾದರೆ ಐದು ಸೆಂಟಿಮೀಟರ್ ಒಳಗೆ, ಎರಡು ಮೂರಾದರೆ ತಲಾ ಮೂರರ ಒಳಗೆ, ರಕ್ತನಾಳಕ್ಕೆ ಹಬ್ಬಿರಬಾರದು. ಆ ಮಿತಿಯಲ್ಲಿದ್ದವರಲ್ಲಿ ನಾಲ್ಕು ವರ್ಷ ಬದುಕಿದವರು 75 ಶೇಕಡ. ಇವರು ಆ ಮಿತಿಯೊಳಗಿದ್ದಾರೆ. ಆದರೆ ಯಕೃತ್ತು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿರುವಾಗ ಅಂಗಕ್ಕಾಗಿ ಕಾಯುವುದು, ಜೀವನವಿಡೀ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವುದು ದೊಡ್ಡ ಬೆಲೆ.

ನಾನಾದರೆ ಇಲ್ಲಿ ಸಿ.ಟಿ. ನೆರವಿನ ಮೈಕ್ರೋವೇವ್ ಚಿಕಿತ್ಸೆಯನ್ನು ಮೊದಲಿಡುತ್ತೇನೆ, ಜೊತೆಯಲ್ಲೇ ಕಸಿ ತಂಡವನ್ನು ಒಮ್ಮೆ ಕಾಣಲು ಹೇಳುತ್ತೇನೆ. ಗಂಟು ಮರಳಿದ ದಿನ ಆ ಬಾಗಿಲು ಹುಡುಕಲು ಹೊರಡುವುದಕ್ಕಿಂತ ಇದು ಲೇಸು.

ಈಗ ವಿವರಗಳನ್ನು ಬದಲಿಸಿ ನೋಡಿ. ಪ್ಲೇಟ್‌ಲೆಟ್ 1,80,000, ಗುಲ್ಮ ಸಹಜ, ಗಂಟು ಎಡಭಾಗದ ಮೇಲ್ಮೈಯಲ್ಲಿ 4.5 ಸೆಂಟಿಮೀಟರ್ ಇದ್ದಿದ್ದರೆ ಶಸ್ತ್ರಚಿಕಿತ್ಸೆಯೇ ಸರಿ. ಗಂಟು ಅದೇ 2.4 ಆಗಿದ್ದು, ಬಿಲಿರುಬಿನ್ 3.2, ಆಲ್ಬುಮಿನ್ 2.7, ಐಎನ್‌ಆರ್ 1.8, ಹೊಟ್ಟೆಯಲ್ಲಿ ಸ್ವಲ್ಪ ನೀರು ಇದ್ದಿದ್ದರೆ ಚೈಲ್ಡ್-ಪ್ಯೂ 11 ಅಂಕ, ಸಿ ವರ್ಗ. ಆಗ ಕಸಿಯೊಂದೇ ದಾರಿ. ಕಸಿಗೆ ಅರ್ಹರಲ್ಲದಿದ್ದರೆ ಅದೇ ಪುಟ್ಟ ಗಂಟು ಅವರನ್ನು ನೇರವಾಗಿ ಕೊನೆಯ ಡಿ ಹಂತಕ್ಕೆ ಸೇರಿಸುತ್ತದೆ.

ಗಂಟುಗಳು ಹೆಚ್ಚಾದಾಗ, ರೋಗ ಹಬ್ಬಿದಾಗ

ಬಿ ಹಂತವೆಂದರೆ ಗಂಟುಗಳು ಹಲವು, ಆದರೆ ರಕ್ತನಾಳಕ್ಕಾಗಲೀ ಯಕೃತ್ತಿನಾಚೆಗಾಗಲೀ ಹಬ್ಬಿಲ್ಲ. ಇಲ್ಲಿ ಟೇಸ್ ಎಂಬ ಚಿಕಿತ್ಸೆ ಮುಂದೆ ಬರುತ್ತದೆ. ತೊಡೆಸಂದಿಯ ಅಥವಾ ಮಣಿಕಟ್ಟಿನ ಅಪಧಮನಿಯಿಂದ ತೆಳುವಾದ ನಳಿಕೆ ತೂರಿಸಿ, ಗಂಟಿಗೆ ರಕ್ತ ಕೊಡುವ ಕವಲಿಗೆ ಔಷಧ ಬಿಟ್ಟು ಮುಚ್ಚಿಬಿಡುತ್ತಾರೆ. ಕ್ಯಾನ್ಸರ್ ಅಪಧಮನಿಯನ್ನೇ ನಂಬಿರುವುದರಿಂದ ಅದು ಉಪವಾಸ ಬೀಳುತ್ತದೆ, ಯಕೃತ್ತು ಪೋರ್ಟಲ್ ರಕ್ತದಲ್ಲಿ ಬದುಕುತ್ತದೆ. ಪೋರ್ಟಲ್ ನಾಳವೇ ಕಟ್ಟಿಕೊಂಡವರಲ್ಲಿ ಇದೇ ತರ್ಕ ತಿರುಗಿಬೀಳುತ್ತದೆ. ಕೆಲವು ದಿನ ಜ್ವರ, ನೋವು ಸಾಮಾನ್ಯ. ಎರಡು ಸಲ ಮಾಡಿಯೂ ಗಂಟು ಬಗ್ಗದಿದ್ದರೆ ಮೂರನೆಯದಕ್ಕೆ ಹೋಗದೆ ಔಷಧಕ್ಕೆ ಬದಲಾಗುವುದು ಒಳ್ಳೆಯದು, ಏಕೆಂದರೆ ಪ್ರತಿ ಸುತ್ತೂ ಯಕೃತ್ತಿನ ಶಕ್ತಿಯನ್ನು ಸ್ವಲ್ಪ ತಿನ್ನುತ್ತದೆ. ಎಡಬಲ ತುಂಬ ಹರಡಿಕೊಂಡ ಗಂಟುಗಳಿಗೆ ಟೇಸ್ ಬಿಟ್ಟು ಮೊದಲೇ ಔಷಧ ಕೊಡುವುದುಂಟು.

ಸಿ ಹಂತದಲ್ಲಿ ರೋಗ ಪೋರ್ಟಲ್ ನಾಳಕ್ಕೆ ಇಲ್ಲವೇ ಯಕೃತ್ತಿನ ಹೊರಗೆ ಹೋಗಿರುತ್ತದೆ. 2008ರಿಂದ ಬಹುಕಾಲ ಸೊರಾಫೆನಿಬ್ ಮಾತ್ರೆಯೊಂದೇ ಗತಿಯಾಗಿತ್ತು. 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಟೆಜೊಲಿಜುಮಾಬ್ ಮತ್ತು ಬೆವಸಿಜುಮಾಬ್ ಜೋಡಿ ಅದನ್ನು ಹಿಂದಿಕ್ಕಿತು. ಮುಂದುವರಿದ ವಿಶ್ಲೇಷಣೆಯಲ್ಲಿ ಬದುಕಿದ ಅವಧಿಯ ಮಧ್ಯಾಂಕ 19.2 ತಿಂಗಳು, ಸೊರಾಫೆನಿಬ್ ಗುಂಪಿನಲ್ಲಿ 13.4. ಬೆವಸಿಜುಮಾಬ್ ರಕ್ತಸ್ರಾವದ ಅಪಾಯ ತರುತ್ತದೆ. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿವೆಯೇ ಎಂದು ಎಂಡೋಸ್ಕೋಪಿ ಮಾಡಿ, ಬೇಕಿದ್ದರೆ ಅವಕ್ಕೆ ಚಿಕಿತ್ಸೆ ಕೊಟ್ಟ ನಂತರವೇ ಇದನ್ನು ಶುರುಮಾಡಬೇಕು. ರಕ್ತಸ್ರಾವದ ಭಯ ಹೆಚ್ಚಿರುವವರಿಗೆ ಡರ್ವಲುಮಾಬ್ ಮತ್ತು ಟ್ರೆಮೆಲಿಮುಮಾಬ್ ಜೋಡಿ ಒಳ್ಳೆಯ ಪರ್ಯಾಯ. ಹಿಂದೆ ಅಂಗ ಕಸಿ ಆದವರಲ್ಲಿ ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಈ ಜೋಡಿ ಔಷಧಗಳು ಕಸಿ ಮಾಡಿದ ಅಂಗವನ್ನೇ ತಿರಸ್ಕರಿಸುವಂತೆ ಮಾಡಬಹುದು. ಅಂಥವರಿಗೆ ಸೊರಾಫೆನಿಬ್ ಅಥವಾ ಲೆನ್ವಾಟಿನಿಬ್ ಮಾತ್ರೆಯೇ ಉಳಿಯುತ್ತದೆ. ಈ ದೊಡ್ಡ ಪರೀಕ್ಷೆಗಳಿಗೆ ಸೇರಿಸಿಕೊಂಡದ್ದು ಚೈಲ್ಡ್-ಪ್ಯೂ ಎ ವರ್ಗದವರನ್ನು. ಯಕೃತ್ತು ಕುಸಿದವರಿಗೂ ಅದೇ ತಿಂಗಳುಗಳನ್ನು ಆಶ್ವಾಸನೆ ಕೊಡುವುದು ಸರಿಯಲ್ಲ.

ಡಿ ಹಂತದಲ್ಲಿ ಹೊಟ್ಟೆಯ ನೀರು ತೆಗೆಯುವುದು, ಗೊಂದಲ ತಡೆಯುವುದು, ನೋವು ಕಳೆಯುವುದೇ ಚಿಕಿತ್ಸೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ನೋವಿನ ಮಾತ್ರೆಗಳನ್ನು ಕೊಡಬಾರದು, ಸಿರೋಸಿಸ್‌ನಲ್ಲಿ ಅವು ಮೂತ್ರಪಿಂಡವನ್ನು ಕೆಡಿಸುತ್ತವೆ, ರಕ್ತಸ್ರಾವ ತರುತ್ತವೆ. ವೈದ್ಯರು ಹೇಳಿದ ಕಡಿಮೆ ಪ್ರಮಾಣದ ಪ್ಯಾರಾಸಿಟಮಾಲ್ ಸುರಕ್ಷಿತ.

ಸುಟ್ಟ ನಂತರ

ನಮ್ಮ ಉದಾಹರಣೆಯ ವ್ಯಕ್ತಿಗೆ ಒಂದು ತಿಂಗಳ ನಂತರ ಮತ್ತೆ ಸಿ.ಟಿ. ಸುಟ್ಟ ಜಾಗ ಗಂಟಿಗಿಂತ ದೊಡ್ಡದಾಗಿ, ಪೂರ್ತಿ ಕಪ್ಪಾಗಿ ಕಾಣಬೇಕು. ಅಂಚಿನಲ್ಲಿ ಅಪಧಮನಿ ಹಂತದಲ್ಲಿ ಹೊಳೆಯುವ ಗಡ್ಡೆಯಂಥ ತುಣುಕು ಉಳಿದಿದ್ದರೆ ಮತ್ತೊಮ್ಮೆ ಸುಡಬೇಕು. ತೆಳುವಾದ, ಸಮನಾದ ಉಂಗುರ ಕಂಡರೆ ಅದು ಸುಟ್ಟ ಗಾಯದ ಪ್ರತಿಕ್ರಿಯೆ, ತಿಂಗಳುಗಳಲ್ಲಿ ಮಾಯುತ್ತದೆ. ಎಎಫ್‌ಪಿ 17ರಿಂದ 4–5ಕ್ಕೆ ಇಳಿಯಬೇಕು. ಇಳಿಯದಿದ್ದರೆ ಕಾಣದ ಗಂಟು ಇನ್ನೆಲ್ಲೋ ಇದೆ ಎಂದು ಎಂಆರ್‌ಐ ಮಾಡಿಸಬೇಕು. ಮೊದಲ ಎರಡು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ಸಿ.ಟಿ. ಅಥವಾ ಎಂಆರ್‌ಐ ಬೇಕು, ಅಲ್ಟ್ರಾಸೌಂಡ್ ಸಾಲದು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲೂ ಐದು ವರ್ಷದೊಳಗೆ ಸುಮಾರು 70 ಶೇಕಡ ಮಂದಿಯಲ್ಲಿ ರೋಗ ಮರಳುತ್ತದೆ. ಅದು ಉಳಿದ ಕೋಶಗಳಿಂದ ಬಂದಿರಬಹುದು, ಅದೇ ಸಿರೋಸಿಸ್‌ನ ನೆಲದಲ್ಲಿ ಹೊಸದಾಗಿ ಹುಟ್ಟಿರಲೂಬಹುದು. ಮರಳಿದಾಗ ಚೈಲ್ಡ್-ಪ್ಯೂ ಅಂಕವನ್ನು ಹೊಸದಾಗಿ ಲೆಕ್ಕ ಹಾಕಬೇಕು. ಎರಡು ವರ್ಷದ ಹಿಂದಿನ 5 ಈಗ 7 ಆಗಿರಬಹುದು. ಗಂಟು ಮತ್ತೆ ಚಿಕ್ಕದೇ ಇದ್ದು ಅಂಕ ಮಾತ್ರ ಏರಿದ್ದರೆ, ಈ ಸಲ ಕಸಿ ತಂಡದ ಮಾತು ಮೊದಲು ಬರುತ್ತದೆ.